12 ವೋಲ್ಟ್ ಪ್ಯಾನೆಲ್, 24 ವೋಲ್ಟ್ ಬ್ಯಾಟರಿ

ನಮ್ಮ ಹೊಲದ ಮನೆಯ ಇನ್ವರ್ಟರ್ 24 ವೋಲ್ಟಿನದು. ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿದ್ದೇವೆ. ಕೈಯಲ್ಲಿದ್ದ ಸೋಲಾರ್ ಪ್ಯಾನೆಲ್ ಮಾತ್ರ ಒಂದೇ, 36 ಸೆಲ್‌ಗಳ 100 ವ್ಯಾಟಿನದು. ಬಿಸಿಲಿಗೆ ಹಿಡಿದು ಏನನ್ನೂ ಜೋಡಿಸದೆ ಅಳೆದರೆ ಸುಮಾರು 22 ವೋಲ್ಟ್ ಬರುತ್ತದೆ. ಅತಿ ಹೆಚ್ಚು ಶಕ್ತಿ ಕೊಡುವುದು 18 ವೋಲ್ಟಿನಲ್ಲಿ ಎಂದು ಅದರ ಬೆನ್ನಿನ ಲೇಬಲ್ ಹೇಳುತ್ತದೆ. ಇಷ್ಟು ವೋಲ್ಟೇಜಿನಿಂದ 24 ವೋಲ್ಟ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಅದಕ್ಕಾಗಿ ಆರ್ಡುಯಿನೋ ನ್ಯಾನೋ ಮತ್ತು ಒಂದು ಬೂಸ್ಟ್ ಕನ್ವರ್ಟರ್ ಸೇರಿಸಿ ಚಾರ್ಜ್ ಕಂಟ್ರೋಲರ್ ಕಟ್ಟಿದೆ. ಇನ್ನೊಂದು ಪ್ಯಾನೆಲ್ ಕೊಳ್ಳುವ ಅನುಕೂಲ ಇದ್ದವರು ಎರಡನ್ನೂ ಸೀರೀಸ್‌ನಲ್ಲಿಟ್ಟು ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಮಾಡಿಕೊಳ್ಳುವುದೇ ಮೇಲು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಬೂಸ್ಟ್ ಕನ್ವರ್ಟರಿನಲ್ಲಿ ಮಾಸ್‌ಫೆಟ್ ಒಂದು ಕ್ಷಣ ಕಾಯಿಲನ್ನು ನೆಲಕ್ಕೆ ಜೋಡಿಸಿ ಕರೆಂಟು ತುಂಬುತ್ತದೆ. ಮರುಕ್ಷಣ ಬಿಟ್ಟಾಗ ಆ ಕರೆಂಟು ಡಯೋಡ್ ದಾಟಿ ಬ್ಯಾಟರಿಗೆ ನುಗ್ಗುತ್ತದೆ. ಮಾಸ್‌ಫೆಟ್ ಎಷ್ಟು ಹೊತ್ತು ಆನ್ ಇರುತ್ತದೆ ಎಂಬ ಪಾಲೇ ಡ್ಯೂಟಿ. 18 ವೋಲ್ಟನ್ನು 27ಕ್ಕೆ ಏರಿಸಲು ಮೂರರಲ್ಲಿ ಒಂದು ಪಾಲು ಡ್ಯೂಟಿ ಸಾಕು. ಆದರೆ ಅಷ್ಟಕ್ಕೇ ಕಟ್ಟಿ ಕೂರಿಸಿದರೆ ನಡೆಯುವುದಿಲ್ಲ. ಲೇಬಲ್ಲಿನ 18 ವೋಲ್ಟ್ 25 ಡಿಗ್ರಿಯಲ್ಲಿರುವ ಸೆಲ್‌ಗಳ ಲೆಕ್ಕ. ರಾಯಚೂರು ಕಡೆಯ ಬೇಸಿಗೆಯ ಮಧ್ಯಾಹ್ನ ಸೆಲ್‌ಗಳು 65 ಡಿಗ್ರಿಗೆ ಕಾಯುತ್ತವೆ. ಒಂದೊಂದು ಡಿಗ್ರಿಗೂ ಹೆಚ್ಚುಕಡಿಮೆ ಶೇ. 0.4ರಷ್ಟು ವೋಲ್ಟೇಜ್ ಇಳಿದು, ಗರಿಷ್ಠ ಶಕ್ತಿಯ ಬಿಂದು 15ರ ಹತ್ತಿರ ಬಂದು ನಿಲ್ಲುತ್ತದೆ. ಹೀಗೆ ಜಾಗ ಬದಲಿಸುವ ಬಿಂದುವನ್ನು ಹುಡುಕುತ್ತಲೇ ಇರುವುದು ಮೈಕ್ರೋಕಂಟ್ರೋಲರಿನ ಕೆಲಸ. ಅದಕ್ಕೆ ಬೇಕಾದ ಕೋಡ್ ಇಷ್ಟೇ:

```
float p = readV() * readI();
if (p < pOld) dir = -dir;
pOld = p;
duty = constrain(duty + dir * STEP, 0, 180);
OCR1A = duty;
delay(50);
```

ಡ್ಯೂಟಿಯನ್ನು ಒಂದು ಕಡೆ ಸ್ವಲ್ಪ ಸರಿಸಿ ನೋಡು, ಶಕ್ತಿ ಕಡಿಮೆಯಾದರೆ ದಿಕ್ಕು ಬದಲಿಸು. ಇದರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಹಾಗಿದ್ದೂ ಮೊದಲ ಜೋಡಣೆಯಲ್ಲಿ ಪ್ಯಾನೆಲ್ ವೋಲ್ಟೇಜ್ ಒಂದೆಡೆ ನಿಲ್ಲದೆ ಅಲೆದಾಡುತ್ತಿತ್ತು. ಡಿಪ್ಲೊಮಾ ಓದುತ್ತಿರುವ ತಂಗಿಯ ಮಗ ಪಕ್ಕದಲ್ಲೇ ಕೂತಿದ್ದ. "ಮಾಮಾ, ಕೋಡ್ ಸರಿ ಐತಲ್ಲ, ಯಾಕ ಹಿಂಗ ಓಡಾಡಾಕತ್ತೈತಿ?" ಅಂದ.

ಬಿಸಿಲು ಗಳಿಗೆಗೊಂದು ಬಗೆ, ಅದರಲ್ಲಿ ಉತ್ತರ ಸಿಗುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಒಂದು ನಕಲಿ ಪ್ಯಾನೆಲ್ ಮಾಡಿದೆವು: 24 ವೋಲ್ಟಿನ ಪವರ್ ಸಪ್ಲೈ, ಅದರೊಂದಿಗೆ ಸೀರೀಸ್‌ನಲ್ಲಿ 4 ಓಮ್‌ನ 100 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್. ಇದರಿಂದ ಹೆಚ್ಚೆಂದರೆ 36 ವ್ಯಾಟ್ ತೆಗೆಯಬಹುದು, ಅದೂ ಸರಿಯಾಗಿ 12 ವೋಲ್ಟಿನಲ್ಲಿ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಇದು. ಕಂಟ್ರೋಲರ್ ಮಾತ್ರ ಹತ್ತೂವರೆಯಿಂದ ಹದಿಮೂರೂವರೆಯವರೆಗೆ ಎಲ್ಲೆಂದರಲ್ಲಿ ತಿರುಗುತ್ತಿತ್ತು.

ಕಾರಣ ಕರೆಂಟ್ ಅಳೆಯುವ ಸೆನ್ಸರಿನಲ್ಲಿತ್ತು. ಎಲ್ಲರೂ ಬಳಸುವ ACS712ರ 20 ಆಂಪಿಯರ್ ಮಾದರಿ ಒಂದು ಆಂಪಿಯರ್‌ಗೆ 100 ಮಿಲಿವೋಲ್ಟ್ ಕೊಡುತ್ತದೆ. ನ್ಯಾನೋದ 10 ಬಿಟ್ ಎಡಿಸಿ 5 ವೋಲ್ಟನ್ನು 1024 ಭಾಗ ಮಾಡುತ್ತದೆ, ಒಂದು ಭಾಗ ಸುಮಾರು 5 ಮಿಲಿವೋಲ್ಟ್. ಅಂದರೆ 49 ಮಿಲಿಆಂಪಿಯರಿಗಿಂತ ಚಿಕ್ಕ ವ್ಯತ್ಯಾಸ ಅದರ ಕಣ್ಣಿಗೇ ಬೀಳುವುದಿಲ್ಲ. 12 ವೋಲ್ಟಿನಲ್ಲಿ ಅದು 0.59 ವ್ಯಾಟ್. ಆದರೆ ಶಕ್ತಿಯ ಗೆರೆ ತುದಿಯಲ್ಲಿ ಬೋಳುಗುಡ್ಡದ ನೆತ್ತಿಯಂತೆ ಬಹುತೇಕ ಸಪಾಟು. ನಮ್ಮ ನಕಲಿ ಪ್ಯಾನೆಲ್‌ನಲ್ಲಿ 12ರಿಂದ 11 ವೋಲ್ಟಿಗೆ ಸರಿದರೂ ಕಡಿಮೆಯಾಗುವುದು ಕಾಲು ವ್ಯಾಟ್ ಮಾತ್ರ. ತುದಿಯಿಂದ ಒಂದೂವರೆ ವೋಲ್ಟ್ ಆಚೀಚೆ ಹೋಗುವವರೆಗೂ ಕಂಟ್ರೋಲರಿಗೆ ಎಲ್ಲವೂ ಒಂದೇ. ಅಷ್ಟರೊಳಗೆ ಅದು ತೆಗೆದುಕೊಳ್ಳುವ ತೀರ್ಮಾನವೆಲ್ಲ ಎಡಿಸಿಯ ಗದ್ದಲವನ್ನೇ ನಂಬಿ ತೆಗೆದುಕೊಂಡದ್ದು.

ACS712 ತೆಗೆದು INA219 ಹಾಕಿದೆವು. ಆ ಬೋರ್ಡಿನ ಮೇಲಿರುವ 0.1 ಓಮ್ ಶಂಟ್ 3.2 ಆಂಪಿಯರಿಗೇ ಮುಗಿಯುತ್ತದೆ, ಅದನ್ನು ಕಿತ್ತು 10 ಮಿಲಿಓಮ್‌ನದನ್ನು ಬೆಸುಗೆ ಹಾಕಬೇಕು. ಆಗ ಒಂದು ಮಿಲಿಆಂಪಿಯರ್‌ವರೆಗೆ ಕಾಣುತ್ತದೆ, ಶಕ್ತಿಯ ಲೆಕ್ಕದಲ್ಲಿ 12 ಮಿಲಿವ್ಯಾಟ್. ಹೆಜ್ಜೆಯ ಅಳತೆಯನ್ನೂ ಇದಕ್ಕೆ ಹೊಂದಿಸಬೇಕು. 8 ಬಿಟ್ ಡ್ಯೂಟಿಯ ಒಂದು ಹೆಜ್ಜೆಗೆ ಪ್ಯಾನೆಲ್ ವೋಲ್ಟೇಜ್ ಸರಿಯುವುದು 0.1 ವೋಲ್ಟ್. ತುದಿಯಲ್ಲಿ ಅದರಿಂದಾಗುವ ಬದಲಾವಣೆ ಇನ್ನೂ ಕಾಣದು. ನಾಲ್ಕು ಹೆಜ್ಜೆ ಒಟ್ಟಿಗೆ ಇಟ್ಟರೆ 40 ಮಿಲಿವ್ಯಾಟ್ ವ್ಯತ್ಯಾಸ ಬರುತ್ತದೆ, ಅದು ಸ್ಪಷ್ಟವಾಗಿ ಕಾಣುತ್ತದೆ. `STEP` ಅನ್ನು 4 ಮಾಡಿದ ಮೇಲೆ ವೋಲ್ಟೇಜ್ 11.6, 12, 12.4 ಎಂಬ ಮೂರೇ ಮೆಟ್ಟಿಲಲ್ಲಿ ಹತ್ತಿ ಇಳಿಯತೊಡಗಿತು. ಟ್ರ್ಯಾಕರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಈ ಮೂರು ಮೆಟ್ಟಿಲೇ ಗುರುತು.

ಆ 50 ಮಿಲಿಸೆಕೆಂಡ್ ಕಾಯುವಿಕೆಗೂ ಅರ್ಥವಿದೆ. ಪ್ಯಾನೆಲ್ ಕಡೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಒಳ್ಳೆಯ ಬಿಸಿಲಲ್ಲಿ ಅದು ಕೆಲವೇ ಮಿಲಿಸೆಕೆಂಡಿನಲ್ಲಿ ಹೊಸ ವೋಲ್ಟೇಜಿಗೆ ಬಂದು ನಿಲ್ಲುತ್ತದೆ. ಮೋಡದಲ್ಲಿ ಕರೆಂಟು ಅರ್ಧ ಆಂಪಿಯರಿಗೆ ಇಳಿದಾಗ ಹತ್ತುಪಟ್ಟು ನಿಧಾನ. ನಿಲ್ಲುವ ಮೊದಲೇ ಅಳೆದರೆ ಸಿಗುವುದು ಹಿಂದಿನ ಹೆಜ್ಜೆಯ ಫಲ. ಮೋಡ ಸರಿದು ಬೆಳಕು ಏರುವಾಗ ಇನ್ನೊಂದು ತೊಡಕು. ಶಕ್ತಿ ಹೇಗೂ ಏರುತ್ತಿರುತ್ತದೆ, ಕಂಟ್ರೋಲರ್ ಅದನ್ನು ತನ್ನ ಹೆಜ್ಜೆಯ ಫಲವೆಂದು ತಿಳಿದು ತಪ್ಪು ದಿಕ್ಕಿನಲ್ಲೇ ಮುಂದುವರಿಯುತ್ತದೆ. ಪ್ರತಿ ಹೆಜ್ಜೆಯ ನಡುವೆ ಡ್ಯೂಟಿ ಬದಲಿಸದೆ ಇನ್ನೊಮ್ಮೆ ಅಳೆದು, ಬೆಳಕಿನಿಂದಾದ ಏರಿಕೆಯನ್ನು ಕಳೆದರೆ ಇದು ನಿಲ್ಲುತ್ತದೆ.

ಇನ್ನು ಬಕ್ ಮೇಲು ಎಂದ ಕಾರಣ. ಬಕ್‌ನ ಔಟ್‌ಪುಟ್ ಎಂದೂ ಪ್ಯಾನೆಲ್ ವೋಲ್ಟೇಜನ್ನು ದಾಟದು. ಬೂಸ್ಟ್‌ಗೆ ಆ ಕಟ್ಟು ಇಲ್ಲ. ಬ್ಯಾಟರಿ ಜೋಡಿಸಿರುವುದರಿಂದಷ್ಟೇ ಅದು 27ರಲ್ಲಿ ನಿಂತಿರುತ್ತದೆ. ಬ್ಯಾಟರಿ ಟರ್ಮಿನಲ್ ಕಿಲುಬು ಹಿಡಿದು ಸಡಿಲವಾಯಿತು, ಅಥವಾ ಫ್ಯೂಸ್ ಹೋಯಿತು ಎನ್ನಿ. 100 ವ್ಯಾಟ್ ಅಷ್ಟೂ ಔಟ್‌ಪುಟ್ ಕೆಪಾಸಿಟರಿಗೆ ಹೋಗುತ್ತದೆ. ಅದು 1000 ಮೈಕ್ರೋಫ್ಯಾರಡ್‌ನದಾದರೆ 27ರಿಂದ 55 ವೋಲ್ಟಿಗೆ ಏರಲು ಬೇಕಾದ ಶಕ್ತಿ 1.15 ಜೂಲ್, ಅಂದರೆ 11 ಮಿಲಿಸೆಕೆಂಡಿನ ಮಾತು. IRFZ44N ಮಾಸ್‌ಫೆಟ್‌ನ ಮಿತಿ 55 ವೋಲ್ಟ್. ನಮ್ಮ ಕೋಡ್ ಅಷ್ಟು ಹೊತ್ತಿಗೆ `delay(50)` ಒಳಗೆ ಕೂತಿರುತ್ತದೆ.

ಹಾಗಾಗಿ ಈ ಕಾವಲನ್ನು ಕೋಡಿಗೆ ಒಪ್ಪಿಸಬಾರದು. ನಾನು ಒಂದು LM393 ಕಂಪ್ಯಾರೇಟರ್ ಹಾಕಿದ್ದೇನೆ. ಔಟ್‌ಪುಟ್ 32 ವೋಲ್ಟ್ ಮುಟ್ಟಿದರೆ ಅದು ಮೈಕ್ರೋಕಂಟ್ರೋಲರನ್ನು ಕೇಳದೆ ಗೇಟ್ ಡ್ರೈವರಿನ ಇನ್‌ಪುಟ್ಟನ್ನು ನೆಲಕ್ಕೆ ಎಳೆಯುತ್ತದೆ. ಬ್ಯಾಟರಿ ತುಂಬುವಾಗಿನ 28.8 ವೋಲ್ಟಿಗೂ ಇದಕ್ಕೂ ಬೇಕಾದಷ್ಟು ಅಂತರ ಇದೆ.

ಇಂಥದ್ದನ್ನು ಕಟ್ಟುವವರು ಪ್ಯಾನೆಲ್ ಜೋಡಿಸುವ ಮೊದಲು ಅದೇ ನಕಲಿ ಪ್ಯಾನೆಲ್‌ಗೆ 12 ವೋಲ್ಟ್ ಕೊಟ್ಟು, ಚಾರ್ಜ್ ಆಗುತ್ತಿರುವಾಗಲೇ ಬ್ಯಾಟರಿಯ ಫ್ಯೂಸ್ ಕಿತ್ತು ನೋಡಿ. ಆಗ ಒಂಬತ್ತು ವ್ಯಾಟಿಗಿಂತ ಹೆಚ್ಚು ಶಕ್ತಿ ಇರುವುದಿಲ್ಲ, ಔಟ್‌ಪುಟ್ ಎಲ್ಲಿಗೆ ಏರಿ ನಿಲ್ಲುತ್ತದೆ ಎಂದು ಮೀಟರಿನಲ್ಲಿ ನೋಡಬಹುದು. 32ರಲ್ಲಿ ನಿಲ್ಲದಿದ್ದರೆ ಆ ಕಂಟ್ರೋಲರನ್ನು ಬಿಸಿಲಿಗೆ ಜೋಡಿಸಬೇಡಿ.