ವಿಷಯ ಹೇಳಿ, ಉತ್ತರ ಉಳಿಸಿಕೊಳ್ಳಿ: ರೀಲ್‌ನ ಕವರ್ ಬರಹ

ಮೊಬೈಲಿನಲ್ಲಿ ರೀಲ್ ಮಾಡುವ ಗೆಳೆಯರು ಎಡಿಟಿಂಗ್‌ಗೆ ಎರಡು ಗಂಟೆ ಕೊಡುತ್ತಾರೆ, ಕವರ್ ಮೇಲಿನ ಬರಹಕ್ಕೆ ಎರಡು ನಿಮಿಷವನ್ನೂ ಕೊಡುವುದಿಲ್ಲ. ಆದರೆ ಪ್ರೊಫೈಲ್‌ಗೆ ಬಂದವರು ಮೊದಲು ಓದುವುದು ಆ ಬರಹವನ್ನು. ಅದು ನೋಡುಗರಿಗೆ ಕೊಡುವ ಮಾತು. ಅದನ್ನು ಉಳಿಸಿಕೊಳ್ಳುವ ಕ್ರಮವನ್ನು ಒಂದೇ ಉದಾಹರಣೆಯಿಂದ ವಿವರಿಸುತ್ತೇನೆ.

ಕಾರ್ಕಳದ ಗೊಮ್ಮಟ ಬೆಟ್ಟದ ಬಗ್ಗೆ 30 ಸೆಕೆಂಡಿನ ರೀಲ್ ಇದೆ ಎಂದುಕೊಳ್ಳಿ. ಮೊದಲು ಬೆಟ್ಟ ಹತ್ತುವ ದೃಶ್ಯ, ನಂತರ ಮೂರ್ತಿ, ಕೊನೆಗೆ ಬೇರೆ ಊರಿನ ಗೊಮ್ಮಟರ ಜೊತೆ ಎತ್ತರದ ಹೋಲಿಕೆ. ಇದಕ್ಕೆ ಮೂರು ಬಗೆಯ ಕವರ್ ಬರೆಯಬಹುದು.

ಮೊದಲನೆಯದು: "ಕಾರ್ಕಳದ ಈ ರಹಸ್ಯ ಯಾರಿಗೂ ಗೊತ್ತಿಲ್ಲ!" ರೀಲ್‌ನಲ್ಲಿ ರಹಸ್ಯವೇ ಇಲ್ಲ. 1432ರಲ್ಲಿ ಪ್ರತಿಷ್ಠಾಪನೆಯಾದ ಮೂರ್ತಿಯನ್ನು ಊರೆಲ್ಲ ನೋಡಿದೆ. ಜನ ಒತ್ತುತ್ತಾರೆ ನಿಜ, ಆದರೆ ಹುಡುಕಿದ್ದು ಸಿಗದೆ ನಡುವೆಯೇ ಬಿಟ್ಟು ಹೋಗುತ್ತಾರೆ. ಇದನ್ನೇ ಕ್ಲಿಕ್‌ಬೇಟ್ ಎನ್ನುವುದು.

ಎರಡನೆಯದು: "ಕಾರ್ಕಳ ಗೊಮ್ಮಟ ಬೆಟ್ಟ". ಇದರಲ್ಲಿ ಸುಳ್ಳಿಲ್ಲ, ಆದರೆ ನೋಡಿದರೆ ಏನು ಸಿಗುತ್ತದೆ ಎಂಬ ಸುಳಿವೂ ಇಲ್ಲ. ಇಂಥ ಫೋಟೋವನ್ನು ಎಲ್ಲರೂ ಹಾಕಿರುತ್ತಾರೆ.

ಮೂರನೆಯದು: "ಕಾರ್ಕಳದ ಗೊಮ್ಮಟ ಎಷ್ಟು ಎತ್ತರ?" ಇಲ್ಲಿ ವಿಷಯ ಯಾವುದೆಂದು ಪೂರ್ತಿ ಗೊತ್ತಾಗುತ್ತದೆ, ಉತ್ತರ ಮಾತ್ರ ಒಳಗಿದೆ. ಕ್ಲಿಕ್‌ಬೇಟ್ ಮತ್ತು ಒಳ್ಳೆಯ ಶೀರ್ಷಿಕೆಯ ನಡುವಿನ ಗೆರೆ ಇದೇ: ಕ್ಲಿಕ್‌ಬೇಟ್ ವಿಷಯವನ್ನೇ ಮುಚ್ಚಿಡುತ್ತದೆ, ಒಳ್ಳೆಯ ಶೀರ್ಷಿಕೆ ವಿಷಯ ಹೇಳಿ ಉತ್ತರವನ್ನಷ್ಟೇ ಬಾಕಿ ಇಡುತ್ತದೆ.

ಕವರ್ ಬರೆದ ಮೇಲೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಆ ಮಾತು ವೀಡಿಯೊದ ಎಷ್ಟನೇ ಸೆಕೆಂಡಿನಲ್ಲಿ ಈಡೇರುತ್ತದೆ ಎಂದು ಕಾಗದದ ಮೇಲೆ ಬರೆಯುತ್ತೇನೆ. ಬರೆಯಲು ಸೆಕೆಂಡೇ ಸಿಗದಿದ್ದರೆ ಕವರ್ ಸುಳ್ಳು. ನಮ್ಮ ಉದಾಹರಣೆಯಲ್ಲಿ ಎತ್ತರ ಬರುವುದು 24ನೇ ಸೆಕೆಂಡಿಗೆ. ಅದು ಸುಳ್ಳಲ್ಲ, ಆದರೆ ಕಾಯಿಸುವುದು. ಆದ್ದರಿಂದ ಬೆಟ್ಟ ಹತ್ತುವ ದೃಶ್ಯ ಕತ್ತರಿಸಿ, 6ನೇ ಸೆಕೆಂಡಿಗೇ ಉತ್ತರ ಕೊಡಬೇಕು: ಸುಮಾರು 42 ಅಡಿ, ಅಂದರೆ ಆರಡಿಯ ಏಳು ಮಂದಿ ಒಬ್ಬರ ಮೇಲೊಬ್ಬರು ನಿಂತಷ್ಟು. ಉತ್ತರ ಹೇಳಿದರೆ ಜನ ಹೋಗಿಬಿಡುವುದಿಲ್ಲವೇ? ಹೋಗದಂತೆ ಮಾಡುವುದು ಮುಂದಿನ ಹೋಲಿಕೆ: ವೇಣೂರಿನದು ಸುಮಾರು 35 ಅಡಿ, ಶ್ರವಣಬೆಳಗೊಳದ್ದು ಸುಮಾರು 57 ಅಡಿ.

ಈಗ ಕ್ಯಾಪ್ಶನ್‌ನ ಮೊದಲ ಸಾಲು. ರೀಲ್ ಓಡುವಾಗ ಕಾಣುವುದು ಹೆಚ್ಚುಕಡಿಮೆ ಅದೊಂದೇ ಸಾಲು. ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಅಲ್ಲಿ "ಹಾಯ್ ಫ್ರೆಂಡ್ಸ್" ಎಂದು ಬರೆದರೆ ಜಾಗ ವ್ಯರ್ಥ. ಕವರ್‌ನ ಮಾತನ್ನೇ ಮತ್ತೆ ಬರೆದರೂ ವ್ಯರ್ಥ. ಕವರ್ ಪ್ರಶ್ನೆ ಕೇಳಿದರೆ, ಮೊದಲ ಸಾಲು ಅದರ ವ್ಯಾಪ್ತಿ ಹೇಳಲಿ: "ಕಾರ್ಕಳ, ವೇಣೂರು, ಶ್ರವಣಬೆಳಗೊಳ: ಮೂರು ಗೊಮ್ಮಟರ ಎತ್ತರದ ಹೋಲಿಕೆ". ಊರಿನ ಹೆಸರು ಮುಂದೆಯೇ ಇರಲಿ, ಏಕೆಂದರೆ ಸಾಲಿನ ಕೊನೆ ಕತ್ತರಿಸಿ ಹೋಗುತ್ತದೆ.

ಕವರ್‌ಗೂ ಕತ್ತರಿ ಬೀಳುತ್ತದೆ. ಇನ್‌ಸ್ಟಾಗ್ರಾಂ ರೀಲ್ 1080 × 1920 ಪಿಕ್ಸೆಲ್. 2025ರ ಜನವರಿಯಿಂದ ಪ್ರೊಫೈಲ್‌ನ ಚೌಕಗಳು 3:4 ಅಳತೆಗೆ ಬಂದವು. ಆ ಅಳತೆಯಲ್ಲಿ ಉಳಿಯುವುದು 1080 × 1440. ಮೇಲೆ 240, ಕೆಳಗೆ 240 ಪಿಕ್ಸೆಲ್ ಕಾಣುವುದಿಲ್ಲ. ಅಕ್ಷರಗಳನ್ನು ನಡುಭಾಗದಲ್ಲೇ ಇಡಿ. ಇಲ್ಲದಿದ್ದರೆ "ಎಷ್ಟು ಎತ್ತರ?" ಹೋಗಿ "ಕಾರ್ಕಳದ ಗೊಮ್ಮಟ" ಮಾತ್ರ ಉಳಿದೀತು. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು: ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. "ಗೊಮ್ಮಟ"ದ ಮ-ಒತ್ತು ಕೆಳಗಿನ "ಎತ್ತರ"ದ ಮೇಲೆ ಕುಳಿತರೆ ಎರಡೂ ಓದಲಾಗದು. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಎರಡು ಸಾಲಿಗೆ ಮುಗಿಸಿ. ಪೋಸ್ಟ್ ಮಾಡುವ ಮೊದಲು ಚಿತ್ರವನ್ನು ಹೆಬ್ಬೆರಳಿನಷ್ಟು ಕುಗ್ಗಿಸಿ ಓದಿ ನೋಡಿ.

ಪೋಸ್ಟ್ ಆದ ಮೇಲೆ ಇನ್‌ಸೈಟ್ಸ್‌ನಲ್ಲಿ ವೀಕ್ಷಣೆಯ ಸಂಖ್ಯೆಗಿಂತ, ಜನ ಎಷ್ಟು ಹೊತ್ತು ನೋಡಿದರು ಎಂಬುದನ್ನು ಗಮನಿಸಿ. ಆರಂಭದಲ್ಲೇ ಗೆರೆ ಧಡಕ್ಕನೆ ಇಳಿದರೆ ಆರಂಭದ ದೃಶ್ಯ ಮತ್ತು ಕವರ್ ಹೊಂದಿಲ್ಲದಿರಬಹುದು. "ಹೇಳಿದ್ದು ಎಲ್ಲಿದೆ?" ಎಂದು ಕಮೆಂಟ್ ಬಂದರೆ ಅನುಮಾನವೇ ಬೇಡ.

ಕಾಪು ಬೀಚಿನ ಮಾಮೂಲಿ ಮಳೆಗಾಲದ ಅಲೆಗಳಿಗೆ "ಕಾಪುವಿನಲ್ಲಿ ಭಾರೀ ಅನಾಹುತ!" ಎಂದು ಬರೆದರೆ ಸಂಗತಿ ಇನ್ನೂ ಗಂಭೀರ. ಮೀನುಗಾರರ ಮನೆಯಲ್ಲಿ, ಗಲ್ಫ್‌ನಲ್ಲಿರುವ ಮಕ್ಕಳಲ್ಲಿ ಅದು ದಿಗಿಲು ಹುಟ್ಟಿಸುತ್ತದೆ. ಸುದ್ದಿ ಮತ್ತು ಪ್ರಚಲಿತ ವಿಷಯಗಳಲ್ಲಿ ದಾರಿ ತಪ್ಪಿಸುವ ಶೀರ್ಷಿಕೆ, ಥಂಬ್‌ನೇಲ್‌ಗಳ ಮೇಲೆ ಭಾರತದಲ್ಲಿ ಕಠಿಣ ಕ್ರಮ ಕೈಗೊಳ್ಳುವುದಾಗಿ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದೇ ವೀಡಿಯೊಗೆ "ಮಳೆಗಾಲದಲ್ಲಿ ಕಾಪು ದೀಪಸ್ತಂಭದ ಬಳಿ ಅಲೆ ಹೇಗಿದೆ?" ಎಂದರೆ ಸಾಕು. ನೋಡುವವರಿಗೆ ಬೇಕಾದದ್ದೂ ಅದೇ, ವೀಡಿಯೊದಲ್ಲಿ ಇರುವುದೂ ಅದೇ.