ವಿಡಿಯೋಗೆ ಮುಂಚೆ ಒಂದು ಮೇಲ್

ಪ್ರೀತಿಯ ಮಗಳೇ,

ನೀನು ಕಳಿಸಿದ ಕನ್ಸಲ್ಟೆನ್ಸಿಯವರ ಮೇಲ್ ಓದಿದೆ. ಬೆಂಗಳೂರಿನಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸ, ನಾಳೆ ಸಂಜೆಯೊಳಗೆ ಎರಡು ನಿಮಿಷದ ವಿಡಿಯೋ ಪರಿಚಯ ಬೇಕು, ಅಷ್ಟೇ ಇದೆ. ಕಂಪನಿಯ ಹೆಸರಿಲ್ಲ, ಸಂಬಳದ ಮಾತಿಲ್ಲ. ಕಳಿಸಲೋ ಬೇಡವೋ ಎಂದು ಕೇಳಿದ್ದೀಯ. ಬಹಳ ಕಾಲ ಜನರನ್ನು ಕೆಲಸಕ್ಕೆ ಆರಿಸುವ ಕಡೆ ಕೂತವನು ನಾನು. ನನ್ನ ಮಾತು ಕೇಳುವುದಾದರೆ ಉತ್ತರವನ್ನು ಇವತ್ತೇ ಬರೆ, ವಿಡಿಯೋ ಮಾತ್ರ ಈಗಲೇ ಮಾಡಬೇಡ.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ರಾಶಿ ಬಿದ್ದ ರೆಸ್ಯೂಮೆಗಳಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡಲು ಹೊತ್ತು ಸಾಲುವುದಿಲ್ಲ. ವಿಡಿಯೋ ಆದರೆ ಬಿಡುವಾದಾಗ ನೋಡಬಹುದು, ಹಿಡಿಸದಿದ್ದರೆ ಅರ್ಧಕ್ಕೇ ನಿಲ್ಲಿಸಬಹುದು. ಆದರೆ ಕನ್ಸಲ್ಟೆನ್ಸಿ ಬೇರೆ, ಕೆಲಸ ಕೊಡುವ ಕಂಪನಿ ಬೇರೆ. ಒಮ್ಮೆ ಕೊಟ್ಟ ವಿಡಿಯೋ ನಿನಗೆ ಗೊತ್ತಿಲ್ಲದ ಇನ್ನೂ ನಾಲ್ಕು ಕಂಪನಿಗಳಿಗೆ ಹೋಗಬಹುದು. ನಿನ್ನ ಮುಖ, ದನಿ, ಮಾತಿನ ಧಾಟಿ ಎಲ್ಲವೂ ಅದರಲ್ಲಿರುತ್ತವೆ. ಅದಕ್ಕೇ ಮೊದಲು ಈ ಅರ್ಥ ಬರುವಂತೆ ಒಂದು ಮೇಲ್ ಹಾಕು:

"ನಮಸ್ಕಾರ. ನನ್ನ ಅರ್ಜಿಯನ್ನು ಗಮನಿಸಿದ್ದಕ್ಕೆ ಧನ್ಯವಾದ. ವಿಡಿಯೋ ಕಳಿಸಲು ನನಗೆ ಅಭ್ಯಂತರವಿಲ್ಲ. ಇದು ಯಾವ ಕಂಪನಿಯ ಹುದ್ದೆ, ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ತಿಳಿಸಿದರೆ ಅದಕ್ಕೆ ತಕ್ಕಂತೆ ಮಾತಾಡುತ್ತೇನೆ. ವಿಡಿಯೋವನ್ನು ಯಾರು ನೋಡುತ್ತಾರೆ, ಆಯ್ಕೆ ಮುಗಿದ ಮೇಲೆ ಅಳಿಸುತ್ತೀರಾ ಎಂಬುದನ್ನೂ ತಿಳಿಸಿ. ಫೋನಿನಲ್ಲಿ ಹದಿನೈದು ನಿಮಿಷ ಮಾತಾಡಿದರೆ ಸಾಕು ಎನ್ನುವುದಾದರೆ ನಾಳೆ 11ರ ನಂತರ ಸಿಗುತ್ತೇನೆ."

ಇದು ಹಟವಲ್ಲ, ಯಾರೂ ಬೇಸರಪಡುವಂಥ ಮಾತೂ ಅಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಂತಿರುವುದೂ ಇದೇ ನೆಲೆಯ ಮೇಲೆ: ಯಾವ ಕೆಲಸಕ್ಕೆಂದು ಒಪ್ಪಿಗೆ ಕೊಟ್ಟೆವೋ ಮಾಹಿತಿ ಅಷ್ಟಕ್ಕೇ ಬಳಕೆಯಾಗಬೇಕು.

ಬರುವ ಉತ್ತರವೇ ಬಹಳಷ್ಟು ಹೇಳುತ್ತದೆ. ಕಂಪನಿಯ ಹೆಸರನ್ನು ಈಗ ಹೇಳುವಂತಿಲ್ಲ ಎಂದರೆ ಅನುಮಾನ ಪಡಬೇಕಿಲ್ಲ, ಎಷ್ಟೋ ಕನ್ಸಲ್ಟೆನ್ಸಿಗಳ ಕರಾರೇ ಹಾಗಿರುತ್ತದೆ. ಆದರೂ ಯಾವ ಉದ್ಯಮ, ಯಾವ ಏರಿಯಾ, ಸಂಬಳ ಎಷ್ಟು ಎಂಬುದನ್ನು ನಿಜವಾದ ರಿಕ್ರೂಟರ್ ಹೇಳಬಲ್ಲ. ಎರಡು ಸಲ ಕೇಳಿದರೂ "ಮೊದಲು ವಿಡಿಯೋ ಕಳಿಸಿ" ಎಂದರೆ ಅಲ್ಲಿ ಹುದ್ದೆಯೇ ಇಲ್ಲದಿರಬಹುದು, ಹೆಸರುಗಳ ಪಟ್ಟಿ ತುಂಬಿಸುತ್ತಿರಬಹುದು. ಅದನ್ನು ಬಿಟ್ಟುಬಿಡು. ಪ್ಯಾನ್ ಅಥವಾ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಹೆಸರು, ತಾರೀಖು ಹೇಳಿ ಎಂದರಂತೂ ಮಾತು ಅಲ್ಲಿಗೇ ನಿಲ್ಲಿಸು. ಕಾರ್ಡ್ ತೋರಿಸಿ ಗುರುತು ಖಚಿತಪಡಿಸುವುದು ಬ್ಯಾಂಕಿನವರ ವಿಡಿಯೋ ಕೆವೈಸಿ ಪದ್ಧತಿ, ಕೆಲಸದ ಪರಿಚಯಕ್ಕೆ ಅದರ ಅಗತ್ಯವಿಲ್ಲ.

ಈ ಸಲಹೆಗೆ ಒಂದು ಮಿತಿ ಇದೆ. ದೊಡ್ಡ ಕಂಪನಿಗಳು ಕಳಿಸುವ ಲಿಂಕಿನಲ್ಲಿ ಪ್ರಶ್ನೆ ಪರದೆಯ ಮೇಲೇ ಬರುತ್ತದೆ, ಟೈಮರ್ ಓಡುತ್ತಿರುತ್ತದೆ. ಅಲ್ಲಿ ಈ ಪ್ರಶ್ನೆಗಳನ್ನು ಕೇಳಲು ಎದುರಿಗೆ ಮನುಷ್ಯರೇ ಇರುವುದಿಲ್ಲ. ಒಪ್ಪಿಗೆಯ ಪುಟ ಓದಿ, ಕೆಲಸ ನಿಜಕ್ಕೂ ಬೇಕೇ ಎಂದು ನೀನೇ ತೀರ್ಮಾನಿಸಬೇಕು.

ಸರಿಯಾದ ಉತ್ತರ ಬಂದರೆ ವಿಡಿಯೋ ಮಾಡು. ಎರಡು ನಿಮಿಷ ಅಂದರೂ ತೊಂಬತ್ತು ಸೆಕೆಂಡು ಸಾಕು. ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಕಲಿಸಿದ ಪರಿಚಯವನ್ನು, ಅಪ್ಪನ ಉದ್ಯೋಗ, ಮನೆಯಲ್ಲಿ ಎಷ್ಟು ಜನ, ಹವ್ಯಾಸ, ಇವನ್ನೆಲ್ಲ ಬದಿಗಿಡು. ಕೆಲಸಕ್ಕೆ ಸಂಬಂಧವಿಲ್ಲದ ಇಂಥ ವಿವರಗಳಿಂದಲೇ ನೋಡುವವರ ಮನಸ್ಸಿನಲ್ಲಿ ಪೂರ್ವಗ್ರಹ ಹುಟ್ಟುತ್ತದೆ. ಹೆಸರು ಹೇಳಿದ ಕೂಡಲೇ ಕೆಲಸಕ್ಕೆ ಬಾ: "ದಾವಣಗೆರೆಯ ಆಡಿಟರ್ ಆಫೀಸಿನಲ್ಲಿ ಎರಡು ವರ್ಷದಿಂದ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಿದ್ದೇನೆ." ಆಮೇಲೆ ನೀನೇ ಬಗೆಹರಿಸಿದ ಒಂದು ಸಂಗತಿ. ಆ ಹಾರ್ಡ್‌ವೇರ್ ಅಂಗಡಿಯವರ ಖರೀದಿ ಬಿಲ್ಲುಗಳು 2ಬಿಗೆ ತಾಳೆಯಾಗದೆ ಇನ್‌ಪುಟ್ ಕ್ರೆಡಿಟ್ ಸಿಕ್ಕಿಕೊಂಡಿದ್ದು, ಬಿಲ್ ಅಪ್‌ಲೋಡ್ ಮಾಡದ ಸಪ್ಲೈಯರನ್ನು ನೀನು ಹುಡುಕಿ ಅದನ್ನು ಸರಿಪಡಿಸಿದ್ದು, ಅದನ್ನೇ ಹೇಳು, ಅಂಗಡಿಯ ಹೆಸರು ಮಾತ್ರ ಬೇಡ. ಕೊನೆಗೆ ನೋಟಿಸ್ ಅವಧಿ ಎಷ್ಟು, ಯಾವಾಗ ಸೇರಬಲ್ಲೆ ಎಂದು ಹೇಳಿ ಮುಗಿಸು.

ಬರೆದಿಟ್ಟುಕೊಂಡು ಓದಬೇಡ, ಕಣ್ಣು ಸಾಲಿನ ಮೇಲೆ ಓಡುವುದು ನೋಡುವವರಿಗೆ ತಿಳಿದುಬಿಡುತ್ತದೆ. ಮೂರೇ ಪದ ಚೀಟಿಯಲ್ಲಿ ಬರೆದು ಕ್ಯಾಮೆರಾ ಪಕ್ಕ ಅಂಟಿಸಿಕೋ. ಕಿಟಕಿ ನಿನ್ನ ಎದುರಿಗಿರಲಿ, ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಚಿತ್ರ ಸ್ವಲ್ಪ ಮಂಕಾದರೂ ನೋಡುತ್ತಾರೆ, ದನಿ ಕೇಳಿಸದಿದ್ದರೆ ಮುಂದಿನವರಿಗೆ ಹೋಗುತ್ತಾರೆ. ಆದ್ದರಿಂದ ಫ್ಯಾನ್ ಆರಿಸಿ, ವೈರ್ ಇರುವ ಇಯರ್‌ಫೋನಿನ ಮೈಕಿನಲ್ಲಿ ಮಾತಾಡು.

ವಾಟ್ಸಾಪಿನಲ್ಲಿ ಕಳಿಸಬೇಡ, ಅಲ್ಲಿಂದ ಅದು ಯಾರ್ಯಾರಿಗೆ ಫಾರ್ವರ್ಡ್ ಆಗುತ್ತದೋ ತಿಳಿಯುವುದಿಲ್ಲ. ಜಿಮೇಲಿನ 25 ಎಂಬಿ ಮಿತಿಯಲ್ಲಿ ಫೋನಿನ ವಿಡಿಯೋ ಸಾಮಾನ್ಯವಾಗಿ ಹಿಡಿಸುವುದೂ ಇಲ್ಲ. ಗೂಗಲ್ ಡ್ರೈವಿಗೆ ಹಾಕಿ, ರಿಕ್ರೂಟರ್ ಮೇಲ್ ವಿಳಾಸಕ್ಕೆ ಮಾತ್ರ ನೋಡುವ ಅನುಮತಿ ಕೊಡು, ಡೌನ್‌ಲೋಡ್ ಆಯ್ಕೆ ತೆಗೆದುಬಿಡು. ಪರದೆಯನ್ನೇ ರೆಕಾರ್ಡ್ ಮಾಡಿಕೊಳ್ಳುವವರನ್ನು ಇದು ತಡೆಯುವುದಿಲ್ಲ ನಿಜ, ಆದರೂ ಆಯ್ಕೆ ಮುಗಿದ ದಿನ ಅನುಮತಿ ಹಿಂತೆಗೆದುಕೊಳ್ಳುವುದು ನಿನ್ನ ಕೈಯಲ್ಲೇ ಇರುತ್ತದೆ.

ಮೇಲ್ ಕಳಿಸುವ ಮುಂಚೆ ಬೇಕಿದ್ದರೆ ನನಗೊಮ್ಮೆ ತೋರಿಸು, ರಾತ್ರಿ ಹತ್ತರವರೆಗೂ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ