ಫೋನಿನಲ್ಲಿ ಒಂದು ಕಡೆಯ ಮಾತು ಕೇಳಿಸದಿದ್ದರೆ: ಮೊಬೈಲ್ ಕಂಪನಿಗೆ ದೂರು ಬರೆಯುವ ಬಗೆ



ನಾವಿರುವುದು ಮಿಲ್ಪಿಟಾಸ್‌ನ ಪೂರ್ವಕ್ಕೆ, ಪೀಡ್‌ಮಾಂಟ್ ರಸ್ತೆಯ ಹತ್ತಿರ, ಗುಡ್ಡದ ಬುಡದಲ್ಲಿ. ಕಳೆದ ವರ್ಷ ಊರಿನಿಂದ ಬಂದಿದ್ದ ನಮ್ಮ ಮಾವನವರು ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇದ್ದಾಗ ತಲೆ ಸುತ್ತಿತೆಂದು ನನಗೆ ಫೋನ್ ಮಾಡಿದರು. ನನ್ನ "ಹಲೋ, ಹಲೋ" ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಅವರ ಮಾತು ಮಾತ್ರ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಜೇಬಿನಲ್ಲಿ ಫೋನ್ ಒತ್ತಿಹೋಗಿರಬೇಕೆಂದು ನಾನೇ ಇಟ್ಟುಬಿಟ್ಟೆ. ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೆ ಅದೇ ಕರೆ 911ಕ್ಕೆ ಹೋಗಿದ್ದರೆ?

ಅಂದೇ ನಮ್ಮ ಮೊಬೈಲ್ ಕಂಪನಿಗೆ "ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಿಲ್ಲ" ಎಂದು ಬರೆದೆ. "ನಿಮ್ಮ ಪ್ರದೇಶದಲ್ಲಿ ಸಿಗ್ನಲ್ ಚೆನ್ನಾಗಿದೆ, ಫೋನ್ ರೀಸ್ಟಾರ್ಟ್ ಮಾಡಿ" ಎಂಬ ಉತ್ತರ ಬಂತು. ಅವರು ಹೇಳಿದ್ದು ಸುಳ್ಳೇನಲ್ಲ, ನಾನು ಬರೆದದ್ದೇ ತಪ್ಪು. ಏಕೆಂದು ನೋಡೋಣ.

ಗೆರೆಗಳು ಹೇಳದ ಸಂಗತಿ

ಫೋನಿನ ಮೇಲ್ತುದಿಯಲ್ಲಿ ಕಾಣುವ ಗೆರೆಗಳು, ಟವರಿನ ಸಿಗ್ನಲ್ ನಮ್ಮ ಫೋನಿಗೆ ಎಷ್ಟು ಚೆನ್ನಾಗಿ ಮುಟ್ಟುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ನಮ್ಮ ಫೋನಿನ ಸಿಗ್ನಲ್ ಟವರಿಗೆ ಮುಟ್ಟುತ್ತಿದೆಯೋ ಇಲ್ಲವೋ ಅವುಗಳಿಂದ ತಿಳಿಯುವುದಿಲ್ಲ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗುತ್ತದೆ. ನಮ್ಮ ಫೋನ್ ಸುಮಾರು 0.2 ವಾಟ್‌ನಲ್ಲಿ ಪಿಸುಗುಡುತ್ತದೆ. ಗುಡ್ಡವೋ ಗೋಡೆಯೋ ಅಡ್ಡ ಬಂದರೆ, ಇಲ್ಲವೇ ಟವರಿನ "ಕಿವಿ" ಕೆಟ್ಟರೆ, ಕೂಗು ಕೇಳಿಸುತ್ತದೆ, ಪಿಸುಮಾತು ಕೇಳಿಸುವುದಿಲ್ಲ. ಆಗ ನಾಲ್ಕು ಗೆರೆ ಇದ್ದರೂ ನಮ್ಮ ಮಾತು ಆಚೆ ಹೋಗದು.

ಇನ್ನೊಂದು ವಿಷಯ. ಇಲ್ಲಿನ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿದ ಮೇಲೆ ನಮ್ಮ ಕರೆಗಳೆಲ್ಲ ಡೇಟಾ ಪ್ಯಾಕೆಟ್‌ಗಳಾಗಿ ಹೋಗುತ್ತವೆ. ಕರೆಯನ್ನು ಜೋಡಿಸುವ ಸಂದೇಶ ಬೇರೆ, ಧ್ವನಿಯ ಪ್ಯಾಕೆಟ್ ಬೇರೆ. ಮೊದಲನೆಯದು ತಲುಪಿ ಎರಡನೆಯದು ಒಂದು ದಿಕ್ಕಿನಲ್ಲಿ ಕಳೆದುಹೋದರೆ, ಕರೆ ಕಟ್ ಆಗದೆಯೇ ಒಂದು ಕಡೆ ಮೌನವಾಗುತ್ತದೆ. ಹಾಗಾಗಿ "ಸಿಗ್ನಲ್ ಇಲ್ಲ", "ಕಾಲ್ ಡ್ರಾಪ್ ಆಗುತ್ತದೆ" ಎಂದು ಬರೆದರೆ ಕಂಪನಿಯವರು ಬೇರೆ ಕಾಯಿಲೆಗೆ ಔಷಧ ಕೊಡುತ್ತಾರೆ. "ನಮಗೆ ಅವರ ಮಾತು ಕೇಳಿಸುತ್ತದೆ, ಅವರಿಗೆ ನಮ್ಮ ಮಾತು ಕೇಳಿಸುವುದಿಲ್ಲ" ಎಂದು ದಿಕ್ಕನ್ನು ಹೇಳಿಯೇ ಬರೆಯಬೇಕು.

ಬರೆಯುವ ಮುಂಚೆ ಮಾಡಬೇಕಾದ ಪರೀಕ್ಷೆ

ಮೊದಲು ಫೋನನ್ನು ಅನುಮಾನಿಸಿ. ಬ್ಲೂಟೂತ್ ಆಫ್ ಮಾಡಿ, ಫೋನಿನಲ್ಲೇ ನಿಮ್ಮ ಧ್ವನಿ ರೆಕಾರ್ಡ್ ಮಾಡಿ ಕೇಳಿ. ಅದು ಸರಿಯಿದ್ದರೆ ಮೈಕ್ ಸರಿಯಿದೆ ಎನ್ನಬಹುದು. ನಾನು ಅದೇ ಫೋನನ್ನು ಮೆಕಾರ್ಥಿ ರಾಂಚ್ ಅಂಗಡಿಗಳ ಬಳಿ ಒಯ್ದು ನೋಡಿದೆ, ಅಲ್ಲಿ ಎಲ್ಲ ಕರೆಗಳೂ ಸರಿಯಾಗಿದ್ದವು. ಮನೆಯಲ್ಲಿ ಅದೇ ಕಂಪನಿಯ ಇನ್ನೊಂದು ಫೋನಿಗೂ ಇದೇ ತೊಂದರೆ. ಅಲ್ಲಿಗೆ ತೊಂದರೆ ಫೋನಿನದಲ್ಲ, ಜಾಗದ್ದು ಎಂದಾಯಿತು.

ಆಮೇಲೆ ವೈಫೈ ಕಾಲಿಂಗ್. ಅದು ಆನ್ ಇದ್ದರೆ ನಮ್ಮ ಕರೆ ಟವರಿನ ಬದಲು ಮನೆಯ ರೌಟರ್ ಮೂಲಕ ಹೋಗುತ್ತಿರಬಹುದು. ಅದು ಆನ್ ಇದ್ದಾಗ ಮಾತ್ರ ತೊಂದರೆಯಾದರೆ ರೌಟರನ್ನು ನೋಡಿ. ಆಫ್ ಮಾಡಿದಾಗಲೂ ಆದರೆ ದೂರು ಟವರಿನ ಮೇಲೆ.

ಹಾಗೆಯೇ ಬೆಂಗಳೂರಿಗೆ ಮಾಡುವ ಕರೆಗಳಲ್ಲಿ ಮಾತ್ರ ತೊಂದರೆಯಿದ್ದರೆ, ದೋಷ ನಡುವೆ ಕರೆ ಸಾಗಿಸುವ ಬೇರೆ ಜಾಲದ್ದಾಗಿರಬಹುದು. ಅದನ್ನು ಈ ದೂರಿನಲ್ಲಿ ಸೇರಿಸಬೇಡಿ. ಸ್ಥಳೀಯ ಕರೆಗಳನ್ನೇ ಸಾಕ್ಷಿಗೆ ಇಟ್ಟುಕೊಳ್ಳಿ.

ಸಾಕ್ಷಿ ಹೇಗೆ? ಕರೆಯನ್ನು ಗುಟ್ಟಾಗಿ ರೆಕಾರ್ಡ್ ಮಾಡಲು ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಡೆಯವರ ಒಪ್ಪಿಗೆ ಬೇಕು. ಅದರ ಬದಲು, ಬೇರೆ ಕಂಪನಿಯ ಸಂಪರ್ಕವಿರುವ ಮನೆಯವರ ಫೋನನ್ನು ಆಫ್ ಮಾಡಿಸಿ, ಅವರ ವಾಯ್ಸ್‌ಮೇಲ್‌ಗೆ ಮಾತಾಡಿ: "ಸಂಜೆ 6:42, ವೈಫೈ ಕಾಲಿಂಗ್ ಆಫ್, ಒಂದು, ಎರಡು, ಮೂರು..." ಎಂದು ಇಪ್ಪತ್ತರವರೆಗೆ ಎಣಿಸಿ. ಮುದ್ರಣದಲ್ಲಿ ಏಳರ ನಂತರ ಮೌನವಿದ್ದರೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 911ಕ್ಕೆ ಮಾತ್ರ ಪರೀಕ್ಷೆಗಾಗಿ ಎಂದೂ ಕರೆ ಮಾಡಬೇಡಿ.

ಪತ್ರದಲ್ಲಿ ಏನಿರಬೇಕು

ಪತ್ರ ಇಂಗ್ಲಿಷಿನಲ್ಲೇ ಹೋಗಬೇಕಷ್ಟೆ. ನಾನು ಬರೆದುದರ ತಿರುಳು ಇಲ್ಲಿದೆ.

"ವಿಷಯ: ಮನೆಯಿಂದ ಮಾಡುವ ಕರೆಗಳಲ್ಲಿ ನಮ್ಮ ಧ್ವನಿ ಎದುರಿನವರಿಗೆ ತಲುಪದಿರುವುದು. ಈ ವಿಳಾಸದಲ್ಲಿ, ಮಾರ್ಚ್ 4ರಿಂದ 6ರವರೆಗೆ ಮಾಡಿದ ಹತ್ತು ಸ್ಥಳೀಯ ಕರೆಗಳಲ್ಲಿ ಆರರಲ್ಲಿ ಹೀಗಾಗಿದೆ. ಅವರ ಧ್ವನಿ ನಮಗೆ ಸ್ಪಷ್ಟ. ಕರೆ ಕಟ್ ಆಗುವುದಿಲ್ಲ. ಎರಡು ಫೋನ್‌ಗಳಲ್ಲಿ ನೋಡಿದ್ದೇವೆ. ವೈಫೈ ಕಾಲಿಂಗ್ ಆಫ್ ಇತ್ತು. ಊರಿನ ಪಶ್ಚಿಮ ಭಾಗದಲ್ಲಿ ಅದೇ ಫೋನ್‌ಗಳು ಸರಿಯಾಗಿವೆ. ಟವರಿನ ಸ್ವೀಕರಿಸುವ ಭಾಗವನ್ನು ಪರೀಕ್ಷಿಸಲು ನೆಟ್‌ವರ್ಕ್ ಎಂಜಿನಿಯರಿಂಗ್ ವಿಭಾಗಕ್ಕೆ ಟಿಕೆಟ್ ತೆರೆದು ಅದರ ಸಂಖ್ಯೆ ತಿಳಿಸಿ."

ಇದರ ಕೆಳಗೆ ಒಂದೊಂದು ಕರೆಗೂ ಒಂದು ಸಾಲು: ದಿನಾಂಕ, ನಿಮಿಷದವರೆಗೆ ಸಮಯ, ಯಾವ ನಂಬರಿನಿಂದ ಯಾವ ನಂಬರಿಗೆ, ಮನೆಯ ಒಳಗೋ ಹೊರಗೋ, ಮೌನ ಶುರುವಾದದ್ದು ಮೊದಲಿನಿಂದಲೋ ಎಷ್ಟು ಸೆಕೆಂಡಿನ ಮೇಲೋ. ನಂಬರು ಮತ್ತು ಸಮಯ ಸರಿಯಾಗಿದ್ದರೆ ಎಂಜಿನಿಯರ್ ಆ ಕರೆಯನ್ನು ತಮ್ಮ ದಾಖಲೆಯಲ್ಲಿ ಹುಡುಕಿ ನೋಡಬಹುದು. ಆ ತಾಂತ್ರಿಕ ವಿವರಗಳು ಬಹಳ ದಿನ ಉಳಿಯುವುದಿಲ್ಲ, ಆದ್ದರಿಂದ ಎರಡು ಮೂರು ದಿನದೊಳಗಿನ ಕರೆಗಳನ್ನೇ ಕೊಡಿ. "ಕಳೆದ ಆರು ತಿಂಗಳಿಂದ" ಎಂಬ ಮಾತಿನಿಂದ ಅವರಿಗೆ ಉಪಯೋಗವಿಲ್ಲ.

ಪಕ್ಕದ ಮನೆಗಳವರನ್ನೂ ಕೇಳಿ. ಸಾಮಾನ್ಯವಾಗಿ ಒಂದು ಟವರಿನ ಸುತ್ತಲಿನ ಪ್ರದೇಶವನ್ನು ಮೂರು ಭಾಗ ಮಾಡಿ ಒಂದೊಂದು ದಿಕ್ಕಿಗೂ ಬೇರೆ ಆಂಟೆನಾ ಇಟ್ಟಿರುತ್ತಾರೆ. ಒಂದು ದಿಕ್ಕಿನದು ಮಾತ್ರ ಕೆಟ್ಟರೆ ಒಂದು ಬೀದಿಗೆ ತೊಂದರೆ, ಇನ್ನೊಂದಕ್ಕೆ ಇಲ್ಲ. ನಮ್ಮ ಬೀದಿಯ ಮೂರು ಮನೆಗಳಲ್ಲಿ ತೊಂದರೆಯಿತ್ತು, ಹಿಂದಿನ ಬೀದಿಯಲ್ಲಿ ಇರಲಿಲ್ಲ. ಇದನ್ನೂ ಪತ್ರದಲ್ಲಿ ಸೇರಿಸಿದೆ.

ಉತ್ತರ ಬಾರದಿದ್ದರೆ

ಟಿಕೆಟ್ ಸಂಖ್ಯೆ ಸಿಕ್ಕಿತು, ಎರಡು ವಾರವಾದರೂ ಕೆಲಸ ಆಗಲಿಲ್ಲ. ಆಗ consumercomplaints.fcc.gov ಎಂಬಲ್ಲಿ ಎಫ್‌ಸಿಸಿಗೆ ದೂರು ಕೊಟ್ಟೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಎಫ್‌ಸಿಸಿ ನಮ್ಮ ದೂರನ್ನು ಕಂಪನಿಗೆ ಕಳುಹಿಸುತ್ತದೆ. ಕಂಪನಿ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಎಫ್‌ಸಿಸಿಯೇ ಬಂದು ಟವರ್ ರಿಪೇರಿ ಮಾಡಿಸುವುದಿಲ್ಲ, ಪರಿಹಾರ ಕೊಡಿಸುವ ಭರವಸೆಯೂ ಇಲ್ಲ. ಆದರೆ ಪತ್ರ ಕಾಲ್ ಸೆಂಟರಿನಿಂದ ಮೇಲಿನವರ ಮೇಜಿಗೆ ಹೋಗುತ್ತದೆ. ನಮಗೆ ಮೂರನೆಯ ವಾರ ಫೋನ್ ಬಂತು: ನಮ್ಮ ದಿಕ್ಕಿನ ಆಂಟೆನಾದ ಸ್ವೀಕರಿಸುವ ಭಾಗದಲ್ಲಿ ದೋಷವಿತ್ತು, ಬದಲಾಯಿಸಿದ್ದೇವೆ ಎಂದರು. ಮತ್ತೆ ವಾಯ್ಸ್‌ಮೇಲ್‌ಗೆ ಎಣಿಸಿ ನೋಡಿದೆ, ಇಪ್ಪತ್ತೂ ಕೇಳಿಸಿತು.

ಅಲ್ಲಿಯವರೆಗೆ ವೈಫೈ ಕಾಲಿಂಗ್ ಆನ್ ಇಟ್ಟುಕೊಂಡಿದ್ದೆವು. ಕರೆಂಟ್ ಹೋದರೆ ರೌಟರ್ ಜೊತೆ ಅದೂ ಹೋಗುತ್ತದೆ ಎಂಬುದು ನೆನಪಿರಲಿ. ಕ್ಯಾಲಿಫೋರ್ನಿಯಾದಲ್ಲಿ 911ಕ್ಕೆ ಟೆಕ್ಸ್ಟ್ ಕಳುಹಿಸುವ ಸೌಲಭ್ಯವೂ ಇದೆ. ವಿಳಾಸ ಮೊದಲು, ತೊಂದರೆ ಆಮೇಲೆ ಬರೆಯಬೇಕೆಂದು ಮಾವನವರಿಗೆ ಹೇಳಿಕೊಟ್ಟೆ. ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ.